ಹಬ್ಬದ ಮೆಸೇಜಿಗೆ ಯಾವ ದೀಪ, ಯಾವ ಹೂ?

ಹಾಸನದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್ಕು, ಜೆರಾಕ್ಸ್ ಜೊತೆಗೆ ಈಗ ಇನ್ನೊಂದು ಕೆಲಸ ಸೇರಿಕೊಂಡಿದೆ. ಅಂಗಡಿಯವರು ತಮ್ಮ ಗಿರಾಕಿಗಳಿಗೆ ಕಳಿಸುವ ಹಬ್ಬದ ವಾಟ್ಸಾಪ್ ಮೆಸೇಜು ಬರೆದುಕೊಡುವುದು. ಬರೆಯುವುದು ಎರಡೇ ಸಾಲು. ತಲೆ ತಿನ್ನುವುದು ಕೊನೆಯಲ್ಲಿ ಹಾಕುವ ಎಮೋಜಿ.

ಬಟ್ಟೆ ಅಂಗಡಿಯ ಯಜಮಾನರೊಬ್ಬರು ದೀಪಾವಳಿಗೆ ತಾವೇ ಟೈಪ್ ಮಾಡಿ ತಂದಿದ್ದ ಮೆಸೇಜು ಹೀಗಿತ್ತು:

ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು 🕯️🏮💮🌙💐🙏

"ಬಣ್ಣ ಬಣ್ಣ ಚೆನ್ನಾಗಿದೆ ಅಲ್ವೇನಮ್ಮ?" ಅಂದರು. ಬಣ್ಣಕ್ಕೇನೂ ಕಮ್ಮಿ ಇರಲಿಲ್ಲ. "ಇರಿ ಸಾರ್, ಒಂದೊಂದೇ ನೋಡೋಣ" ಅಂತ ಕೂರಿಸಿದೆ.

ಮೊದಲು ಮೇಣದಬತ್ತಿ. ನಮ್ಮ ಗ್ರೂಪುಗಳಲ್ಲಿ 🕯️ ಯಾವಾಗ ಬರುತ್ತದೆ ನೋಡಿ. ಯಾರಾದರೂ ತೀರಿಕೊಂಡ ಸುದ್ದಿ ಬಂದಾಗ. ಕೆಳಗೆ ಸಾಲಾಗಿ 'ಓಂ ಶಾಂತಿ', ಪಕ್ಕದಲ್ಲಿ 💐🙏. ಯಜಮಾನರ ಸಾಲಿನಲ್ಲಿ ಈ ಮೂರೂ ಇದ್ದವು! ಮೇಲಿನ ಅಕ್ಷರ ಮುಚ್ಚಿ ಬರೀ ಎಮೋಜಿ ತೋರಿಸಿದೆ. ಅವರಿಗೇ ನಗು ಬಂತು. 💐 ಆಗಲಿ 🙏 ಆಗಲಿ ಬೇರೆ ಬೇರೆಯಾಗಿ ಇದ್ದರೆ ತೊಂದರೆ ಇಲ್ಲ. ಆದರೆ ಎರಡೂ ಒಟ್ಟಿಗೆ ಬಂದು, ಜೊತೆಗೊಂದು ಮೇಣದಬತ್ತಿಯೂ ಸೇರಿದರೆ ಅದು ಶ್ರದ್ಧಾಂಜಲಿಯೇ.

ಇಷ್ಟೊಂದು ಜನ ಮೇಣದಬತ್ತಿ ಹಾಕುವುದಕ್ಕೆ ಕಾರಣ ಇದೆ. ಎಣ್ಣೆ ದೀಪದ ಎಮೋಜಿ 🪔 ಬಂದದ್ದೇ 2019ರಲ್ಲಿ. ಅಲ್ಲಿಯವರೆಗೆ ದೀಪ ಅಂದರೆ ಮೇಣದಬತ್ತಿಯೋ ಲಾಟೀನಿನಂಥದ್ದೋ ಮಾತ್ರ ಇತ್ತು. ಆ ಅಭ್ಯಾಸ ಬೆರಳಿಗೆ ಅಂಟಿಕೊಂಡಿದೆ. ಈಗ ಕೀಬೋರ್ಡಿನ ಎಮೋಜಿ ಹುಡುಕುವ ಜಾಗದಲ್ಲಿ diya ಅಂತ ಹೊಡೆದರೆ ಮಣ್ಣಿನ ಹಣತೆ ನೇರ ಸಿಗುತ್ತದೆ.

🏮 ಅನ್ನು ಯಜಮಾನರು ಆಕಾಶಬುಟ್ಟಿ ಅಂದುಕೊಂಡಿದ್ದರು. ಇದು ಜಪಾನಿನ ಕೆಂಪು ಕಾಗದದ ಬುಟ್ಟಿದೀಪ, ಅಲ್ಲಿ ಕುಡಿದು ತಿನ್ನುವ ಹೋಟೆಲುಗಳ ಬಾಗಿಲಿಗೆ ನೇತು ಹಾಕುತ್ತಾರೆ. ನಮ್ಮ ಆಕಾಶಬುಟ್ಟಿಗೆ ಬಾಲ ಇರುತ್ತದೆ, ಬಣ್ಣವೂ ತರಾವರಿ. ಇದನ್ನು ಹಾಕಿದರೆ ಯಾರೂ ಜಗಳಕ್ಕೆ ಬರುವುದಿಲ್ಲ. ಆದರೆ ಹಣತೆ ಇರುವಾಗ ಇದು ಯಾಕೆ?

💮 ನೋಡಲು ಹೂವೇ. ಅಸಲಿಗೆ ಅದು ಹೂವಲ್ಲ, ಠಸ್ಸೆ. ಜಪಾನಿನಲ್ಲಿ ಮೇಷ್ಟ್ರು ಮಕ್ಕಳ ಹೋಂವರ್ಕಿನ ಮೇಲೆ 'ಭೇಷ್' ಅಂತ ಒತ್ತುವ ಮುದ್ರೆ. ಹಾಗೆಯೇ 🏵️ ಚೆಂಡು ಹೂವಿನಂತೆ ಕಂಡರೂ ಅದು ಅಲಂಕಾರದ ಪದಕ. ಚೆಂಡು ಹೂವಿಗೇ ಅಂತ ಎಮೋಜಿ ಇಲ್ಲ. ನಾನು 🌼 ಹಾಕುತ್ತೇನೆ. ಒಂದೊಂದು ಕಂಪನಿ ಒಂದೊಂದು ಥರ ಬರೆದಿರುವುದರಿಂದ ಬಣ್ಣ ಫೋನಿಂದ ಫೋನಿಗೆ ಸ್ವಲ್ಪ ಬದಲಾಗುತ್ತದೆ. ಆದರೂ ಎಲ್ಲದರಲ್ಲೂ ಹೂವಾಗಿಯೇ ಕಾಣುತ್ತದೆ. ತಾವರೆ 🪷 2021ರಲ್ಲಿ ಬಂತು, ಲಕ್ಷ್ಮಿ ಪೂಜೆಯ ದಿನದ ಮೆಸೇಜಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಇನ್ನು 🌙. "ಇದ್ಯಾಕೆ ಸಾರ್?" ಅಂದೆ. "ರಾತ್ರಿ ಹಬ್ಬ ಅಲ್ವಾ?" ಅಂದರು. ಲಕ್ಷ್ಮಿ ಪೂಜೆ ಮಾಡುವುದೇ ಅಮಾವಾಸ್ಯೆಗೆ. ಅವತ್ತು ಚಂದ್ರ ಎಲ್ಲಿಂದ ಬರಬೇಕು!

ಕೊನೆಗೆ ಹೋದದ್ದು ಇಷ್ಟು:

ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು 🪔🌼🪔

ದೀಪ, ಹೂ ಎರಡೇ ಸಾಕು ಅಂತ ಒಪ್ಪಿಸಲು ಹಾಸನದಲ್ಲಿ ಕಷ್ಟ ಇಲ್ಲ. ಹಾಸನಾಂಬೆಯ ಬಾಗಿಲು ತೆಗೆಯುವುದೂ ಇದೇ ಹೊತ್ತಿಗೆ. ಬಾಗಿಲು ಹಾಕುವಾಗ ಹಚ್ಚಿಟ್ಟ ದೀಪ ಮುಂದಿನ ವರ್ಷ ತೆಗೆಯುವಾಗಲೂ ಉರಿಯುತ್ತಿರುತ್ತದೆ, ಇಟ್ಟ ಹೂ ಬಾಡಿರುವುದಿಲ್ಲ ಅನ್ನುವ ನಂಬಿಕೆ ಊರಿನಲ್ಲಿ ಎಲ್ಲರಿಗೂ ಗೊತ್ತು.

ಯುಗಾದಿಗೆ ಬಂದರೆ ಕಷ್ಟ ಜಾಸ್ತಿ. ಮುಖ್ಯವಾದ ಎರಡಕ್ಕೂ ಎಮೋಜಿ ಇಲ್ಲ. ಬೇವೂ ಇಲ್ಲ, ಬೆಲ್ಲವೂ ಇಲ್ಲ. ಬೆಲ್ಲಕ್ಕೆ 🍯 ಹಾಕುವವರಿದ್ದಾರೆ, ಅದು ಜೇನಿನ ಭರಣಿ. 🟫 ಹಾಕಿದ್ದನ್ನೂ ನೋಡಿದ್ದೇನೆ, ಅಚ್ಚು ಬೆಲ್ಲ ಅಂತೆ! ನಾನು 'ಬೇವು ಬೆಲ್ಲ' ಅಂತ ಅಕ್ಷರದಲ್ಲೇ ಬರೆದುಬಿಡುತ್ತೇನೆ. ಪಕ್ಕದಲ್ಲಿ ಎಲೆ ಬೇಕೆಂದರೆ 🌿 ಹಾಕುತ್ತೇನೆ, ಸಾಲು ಸಾಲು ಎಲೆ ಇರುವುದರಿಂದ ಬೇವಿನ ಎಸಳಿಗೆ ಅದೇ ಹತ್ತಿರ. 🍀 ಬೇಡ, ಅದು ಪಾಶ್ಚಾತ್ಯರ ಅದೃಷ್ಟದ ಎಲೆ. ಮಾವಿಗೆ 🥭 ಇದೆ, 2018ರಿಂದ. ಹಸಿರು ತೋರಣದಂತೆ ಕಾಣುತ್ತದೆ ಅಂತ 🎍 ಹಾಕಬೇಡಿ. ಅದೂ ಹೊಸ ವರ್ಷದ್ದೇ, ಆದರೆ ಜಪಾನಿನ ಹೊಸ ವರ್ಷದ ಬಿದಿರು.

ಹಣತೆಯನ್ನು ಯುಗಾದಿಗೆ ಹಾಕುವುದು ತಪ್ಪೇನಲ್ಲ. ಆದರೆ ಸಾಲಾಗಿ 🪔🪔🪔 ಕಂಡರೆ ಹೋದ ದೀಪಾವಳಿಯ ಮೆಸೇಜನ್ನೇ ಹೆಸರು ಬದಲಿಸಿ ಕಳಿಸಿದ್ದಾರೆ ಅನ್ನಿಸುತ್ತದೆ. ಎಷ್ಟೋ ಸಲ ನಿಜವೂ ಅದೇ.

ದೀಪಾವಳಿಯಲ್ಲಿ ತೆಗೆಸಿದ ಚಂದ್ರ ಯುಗಾದಿಗೆ ಸಲ್ಲುತ್ತಾನೆ. ಹಬ್ಬ ಆದ ಮೇಲೆ ಸಂಜೆ ಅಂಗಳಕ್ಕೆ ಬಂದು ಚಂದ್ರನನ್ನು ನೋಡಿ, ಹಿರಿಯರ ಕಾಲಿಗೆ ಬೀಳುವ ರೂಢಿ ನಮ್ಮ ಕಡೆ ಇದೆ. ಆದರೂ ಮೆಸೇಜಿನಲ್ಲಿ 🌙 ಒಂದನ್ನೇ ಹಾಕಲು ನಾನು ಹಿಂದೆಮುಂದೆ ನೋಡುತ್ತೇನೆ. ಎರಡು ಮೂರು ವರ್ಷದಿಂದ ಯುಗಾದಿ, ರಂಜಾನ್ ಒಟ್ಟೊಟ್ಟಿಗೆ ಬರುತ್ತಿವೆ. 2025ರಲ್ಲಿ ಮಾರ್ಚ್ 30ಕ್ಕೆ ಯುಗಾದಿ, ಅವತ್ತೇ ಸಂಜೆ ಚಂದ್ರ ಕಂಡು ಮಾರ್ಚ್ 31ಕ್ಕೆ ರಂಜಾನ್. ಎರಡು ಹಬ್ಬಕ್ಕೂ ನೋಡಿದ್ದು ಒಂದೇ ಚಂದ್ರನನ್ನು. ಅಂಥ ವಾರದಲ್ಲಿ ಬರೀ 🌙 ಕಂಡರೆ ಜನ ಈದ್ ಮುಬಾರಕ್ ಅಂತಲೇ ಓದುತ್ತಾರೆ. ಹಾಗಾಗಿ ಚಂದ್ರ ಬೇಕೇ ಬೇಕು ಅಂದವರಿಗೆ 'ಚಂದ್ರ ಕಂಡ' ಅಂತ ಎರಡು ಪದ ಬರೆದು ಪಕ್ಕದಲ್ಲಿ 🌙 ಇಡುತ್ತೇನೆ. ಉಳಿದವರಿಗೆ ಯುಗಾದಿಗೆ ನಾನು ಬರೆದುಕೊಡುವುದು ಹೀಗಿರುತ್ತದೆ:

ಬೇವು ಬೆಲ್ಲ 🌿 ಯುಗಾದಿ ಹಬ್ಬದ ಶುಭಾಶಯಗಳು 🥭

ಹೊಸತೊಡಕಿನ ಬಾಡೂಟಕ್ಕೆ 🍗 ಹಾಕಿಕೊಡಿ ಅಂತಲೂ ಕೇಳುತ್ತಾರೆ. ಮನೆಯವರಿಗೆ, ಸ್ನೇಹಿತರಿಗೆ ಸರಿ. ಅಂಗಡಿಯ ಲಿಸ್ಟಿನಲ್ಲಿ ದೇವಸ್ಥಾನದ ಅರ್ಚಕರ ನಂಬರೂ ಇರುತ್ತದೆ.

ಕಳಿಸುವ ಮುಂಚೆ ನನ್ನ ಹತ್ತಿರ ಇರುವ ಹಳೇ ಫೋನಿಗೆ ಒಮ್ಮೆ ಕಳಿಸಿ ನೋಡುತ್ತೇನೆ. ಆಂಡ್ರಾಯ್ಡ್‌ನಲ್ಲಿ ವಾಟ್ಸಾಪ್ ತನ್ನದೇ ಎಮೋಜಿ ಚಿತ್ರ ಇಟ್ಟುಕೊಂಡಿದೆ. ಆಪ್ ಅಪ್‌ಡೇಟ್ ಆಗಿದ್ದರೆ ಹಳೇ ಫೋನಿನಲ್ಲೂ ಹಣತೆ ಉರಿಯುತ್ತದೆ. ಅದೇ ಮೆಸೇಜು ಎಸ್ಸೆಮ್ಮೆಸ್ಸಿನಲ್ಲಿ ಹೋದರೆ, 2019ಕ್ಕಿಂತ ಹಿಂದಿನ ಫೋನಿನಲ್ಲಿ ಹಣತೆ ಇರಬೇಕಾದ ಕಡೆ ಖಾಲಿ ಚೌಕ ಕಾಣುತ್ತದೆ. ಜೊತೆಗೆ ಜಾಗದ ಲೆಕ್ಕವೂ ಇದೆ. ಕನ್ನಡ ಎಸ್ಸೆಮ್ಮೆಸ್ಸು ಒಂದಕ್ಕೆ 70 ಅಕ್ಷರದ ಮಿತಿ. ಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. 'ದೀಪಾವಳಿ ಹಬ್ಬದ ಹಾರ್ದಿಕ ಶುಭಾಶಯಗಳು' ಅನ್ನುವುದಕ್ಕೇ 31 ಹೋಗುತ್ತದೆ. ಒಂದು ಹಣತೆಗೆ ಇನ್ನೆರಡು. ಉಳಿದದ್ದರಲ್ಲಿ ಅಂಗಡಿ ಹೆಸರು, ರಸ್ತೆ, ಫೋನ್ ನಂಬರು ಹಿಡಿಸಬೇಕು. ಎಸ್ಸೆಮ್ಮೆಸ್ಸಿಗೆ ನಾನು ಕೊನೆಗೊಂದು 🌼 ಮಾತ್ರ ಹಾಕುತ್ತೇನೆ. ಅದು 2010ರಿಂದ ಇರುವ ಹೂ, ಹಳೇ ಫೋನಿನಲ್ಲೂ ಚೌಕ ಆಗುವುದು ಕಮ್ಮಿ.