ಸಾಹೇಬರ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು: ಹೊಗಳಿಕೆ ಆಗದ ಹಾಗೆ ಬರೆಯುವುದು ಹೇಗೆ?

ನಮ್ಮ ಅಣ್ಣನ ಮಗಳು ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತಾಳೆ. ಸೇರಿ ಎರಡು ವರ್ಷ ಆಯ್ತು. ಹೋದ ತಿಂಗಳು ಒಂದು ರಾತ್ರಿ ಮನೆಗೆ ಬಂದು ಮೊಬೈಲ್ ನನ್ನ ಮುಂದೆ ಹಿಡಿದಳು. "ಕಾಕಾ, ನಾಳೆ ನಮ್ಮ ಸಾಹೇಬ್ರ ಹುಟ್ಟಿದ ಹಬ್ಬ ಐತಿ. ಬರದೇನಿ, ಒಮ್ಮೆ ನೋಡ್ರಿ."

ಸಾಹೇಬರು ಅಂದರೆ ಇಡೀ ಪ್ಲಾಂಟಿನ ಮ್ಯಾನೇಜರ್. ಅವಳಿಗಿಂತ ಮೂರು ಮೆಟ್ಟಿಲು ಮೇಲೆ. ಅವಳು ಬರೆದದ್ದು ಹೀಗಿತ್ತು:

"ಮಾನ್ಯ ಸರ್, ತಮ್ಮಂಥ ಧೀಮಂತ, ದೂರದೃಷ್ಟಿಯ ನಾಯಕರ ಕೈಕೆಳಗೆ ಕೆಲಸ ಮಾಡುವುದು ನಮ್ಮ ಪುಣ್ಯ. ತಾವು ನಮ್ಮ ಕಂಪನಿಯ ಬೆನ್ನೆಲುಬು. ತಾವು ನೂರು ವರ್ಷ ಸುಖವಾಗಿ ಬಾಳಿ. ಜನ್ಮದಿನದ ಹಾರ್ದಿಕ ಶುಭಾಶಯಗಳು."

ಹುಡುಗಿಗೆ ಆ ಸಾಹೇಬರ ಮೇಲೆ ನಿಜವಾಗಿಯೂ ಗೌರವ ಇದೆ. ನನಗೆ ಗೊತ್ತು. ಆದರೆ ಆ ಗೌರವ ಈ ಸಾಲುಗಳಲ್ಲಿ ಎಲ್ಲೂ ಕಾಣುವುದಿಲ್ಲ. ಹೆಸರು ಬದಲಿಸಿದರೆ ಇದನ್ನೇ ಚನ್ನಮ್ಮ ಸರ್ಕಲ್ಲಿನಲ್ಲಿ ಯಾವ ಮುಖಂಡರ ಫ್ಲೆಕ್ಸ್ ಮೇಲೂ ಹಾಕಬಹುದು. ಆವತ್ತು ರಾತ್ರಿ ಇಬ್ಬರೂ ಕೂತು ಅದನ್ನು ಮತ್ತೆ ಬರೆದೆವು. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲು ತಾರೀಖು ಖಾತ್ರಿ ಮಾಡಿಕೊಳ್ಳಿ

ಬರೆಯುವ ಮೊದಲೇ ಮಾಡಬೇಕಾದ ಕೆಲಸ ಇದು. ನಮ್ಮ ಭಾಗದಲ್ಲಿ ಐವತ್ತು ದಾಟಿದ ಬಹಳ ಜನರ ಹುಟ್ಟಿದ ತಾರೀಖು ದಾಖಲೆಯಲ್ಲಿ ಜೂನ್ 1 ಇರುತ್ತದೆ. ಶಾಲೆಗೆ ಹೆಸರು ಹಚ್ಚುವಾಗ ಮನೆಯವರಿಗೆ ತಾರೀಖು ನೆನಪಿರಲಿಲ್ಲ, ವಯಸ್ಸು ಹೊಂದುವಂತೆ ಮಾಸ್ತರು ಒಂದು ತಾರೀಖು ಬರೆದರು. ಅದೇ ಸರ್ವಿಸ್ ದಾಖಲೆಗೂ ಬಂತು, ಆಫೀಸಿನ ಹುಟ್ಟುಹಬ್ಬದ ಪಟ್ಟಿಗೂ ಬಂತು.

ನಾನು ನೌಕರಿಯಲ್ಲಿದ್ದಾಗ ನಮ್ಮ ಹಿರಿಯ ಅಧಿಕಾರಿಗೆ ಜೂನ್ 1ಕ್ಕೆ ಒಂದು ಕಾರ್ಡ್ ಕೊಟ್ಟಿದ್ದೆ. ಅವರು ವಿಜಯಪುರ ಜಿಲ್ಲೆಯವರು. ಕಾರ್ಡ್ ತೆಗೆದುಕೊಂಡು ಮೆಲ್ಲಗೆ ಅಂದರು: "ಇದು ಮಾಸ್ತರ್ ಬರದ ತಾರೀಖರೀ. ನಮ್ಮವ್ವ ಹೇಳತಿದ್ಲು, ನಾ ಸೀತನಿ ತಿನ್ನೂ ಹೊತ್ತಿನ್ಯಾಗ ಹುಟ್ಟೇನಿ ಅಂತ." ಸೀತನಿ ಅಂದರೆ ಸುಟ್ಟ ಹಸಿ ಜೋಳದ ತೆನೆ, ಅದನ್ನು ತಿನ್ನುವುದು ಚಳಿಗಾಲದಲ್ಲಿ. ನಾನು ಕೊಟ್ಟದ್ದು ಕಡುಬೇಸಿಗೆ ಮುಗಿಯುವ ಹೊತ್ತಿಗೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಆದರೆ ನನ್ನ ಕಾರ್ಡು ಪಟ್ಟಿ ನೋಡಿ ಬಂದದ್ದು ಅಂತ ಇಬ್ಬರಿಗೂ ತಿಳಿದುಹೋಯಿತು.

ಹಾಗಾಗಿ ಪಟ್ಟಿಯಲ್ಲಿ ಜೂನ್ 1 ಕಂಡರೆ, ಸಾಹೇಬರ ಜೊತೆ ಬಹಳ ವರ್ಷ ಕೆಲಸ ಮಾಡಿದ ಒಬ್ಬರನ್ನು ಕೇಳಿ. ಅವರು ಆ ದಿನವನ್ನೇ ಹುಟ್ಟುಹಬ್ಬ ಅಂತ ಮಾಡಿಕೊಳ್ಳುತ್ತಾರಾ, ಮನೆಯಲ್ಲಿ ಬೇರೆ ದಿನ ಇದೆಯಾ? ಒಂದು ಮಾತು ಕೇಳಿದರೆ ಸಾಕು. ನಮ್ಮ ಹುಡುಗಿಯ ಸಾಹೇಬರ ತಾರೀಖು ಸರಿಯಾಗಿಯೇ ಇತ್ತು.

ಗುಣ ಬಿಡಿ, ಒಂದು ಘಟನೆ ಹಿಡಿಯಿರಿ

ಇಲ್ಲಿ ಸ್ವಲ್ಪ ನಿಧಾನಿಸಬೇಕು. "ಧೀಮಂತ", "ದೂರದೃಷ್ಟಿ", "ಬೆನ್ನೆಲುಬು" ಇವೆಲ್ಲ ಸಾಹೇಬರ ಗುಣದ ಬಗ್ಗೆ ಕೊಟ್ಟ ಸರ್ಟಿಫಿಕೇಟ್. ಕೆಳಗಿನವರು ಮೇಲಿನವರಿಗೆ ಸರ್ಟಿಫಿಕೇಟ್ ಕೊಟ್ಟರೆ, ಕೇಳುವವರಿಗೆ ಮೊದಲು ಬರುವ ಪ್ರಶ್ನೆ "ಇವಳಿಗೆ ಏನು ಬೇಕಾಗಿದೆ?" ಅಂತ. ಗುಣವನ್ನು ಯಾರೂ ಪರೀಕ್ಷೆ ಮಾಡಿ ನೋಡಲಾರರು. ಘಟನೆಯನ್ನು ನೋಡಬಹುದು. ಅದು ನಡೆದಿದೆ, ಅವರಿಗೂ ಗೊತ್ತು, ನಿಮಗೂ ಗೊತ್ತು.

ಅವಳನ್ನು ಕೇಳಿದೆ, "ಈ ಎರಡು ವರ್ಷದಾಗ ಅವರು ಮಾಡಿದ್ದು ಯಾವುದು ನಿನಗ ಇವತ್ತಿಗೂ ನೆನಪೈತಿ?" ಯೋಚನೆ ಮಾಡದೆ ಹೇಳಿದಳು.

ಹೋದ ವರ್ಷ ಜುಲೈ. ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ. ಮಳೆಗಾಲದಲ್ಲಿ ಅಚ್ಚಿನ ಮರಳಿಗೆ ತೇವ ಜಾಸ್ತಿ ಆಗುತ್ತದೆ. ಕಾದ ಕಬ್ಬಿಣ ಬಿದ್ದ ಕೂಡಲೇ ಆ ತೇವ ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ ಒಳಗೇ ಗುಳ್ಳೆಯಾಗಿ ಉಳಿಯುತ್ತದೆ. ಬ್ಲೋ ಹೋಲ್ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಕಾಸ್ಟಿಂಗ್ ಚೊಕ್ಕ ಕಾಣಬಹುದು. ಅವಳಿಗೆ ಒಂದು ಲಾಟಿನ ಮೇಲೆ ಅನುಮಾನ ಬಂತು, ಅದು ಹೊರಗೆ ಹೋಗದ ಹಾಗೆ ಹೋಲ್ಡ್ ಟ್ಯಾಗ್ ಕಟ್ಟಿದಳು. ಪ್ರೊಡಕ್ಷನ್‌ನವರಿಗೆ ಸಂಜೆ ಲಾರಿ ಬಿಡಬೇಕಿತ್ತು. ಜಗಳ ಹತ್ತಿತು. ಆಗ ಸಾಹೇಬರು ಕ್ಯಾಬಿನ್‌ಗೆ ಯಾರನ್ನೂ ಕರೆಸಲಿಲ್ಲ. ತಾವೇ ಶಾಪಿಗೆ ಇಳಿದು ಬಂದರು. ಒಂದು ಪೀಸ್ ಎತ್ತಿ ಕಟ್ ಮಾಡಿಸಿದರು. ಒಳಗೆ ಬಟಾಣಿ ಕಾಳಿನಷ್ಟು ಗುಳ್ಳೆ. "ಲಾಟ್ ನಿಲ್ಲಲಿ" ಅಂದು ಹೋದರು.

"ಇದನ್ನ ಬರಿ" ಅಂದೆ.

ಅವಳ ಎರಡನೇ ಪ್ರಯತ್ನ ಹದಿನಾರು ಸಾಲು ಆಯ್ತು. ಮರಳಿನ ತೇವ, ಲಾರಿ, ಯಾರು ಏನಂದರು, ಎಲ್ಲಾ ಬಂತು. ಜೊತೆಗೆ "ಆವತ್ತು ನೀವು ಬರದಿದ್ದರೆ ನನ್ನ ನೌಕರಿಯೇ ಹೋಗುತ್ತಿತ್ತು" ಅಂತ ಒಂದು ಸಾಲು. ಇಲ್ಲಿ ಎರಡು ತಪ್ಪು ಇವೆ, ಇವನ್ನು ಮನಸ್ಸಿನಿಂದ ಬರೆಯುವವರೇ ಜಾಸ್ತಿ ಮಾಡುತ್ತಾರೆ. ಒಂದು, ಪ್ರೊಡಕ್ಷನ್‌ನವರ ಮೇಲೆ ಚಾಡಿ ಹೇಳಿದ ಹಾಗಾಯಿತು. ಶುಭಾಶಯದಲ್ಲಿ ಮೂರನೆಯವರು ಬರಬಾರದು, ಹೊಗಳಲೂ ಬೇಡ, ತೆಗಳಲೂ ಬೇಡ. ಹಿಂದಿನ ಮ್ಯಾನೇಜರ್ ಜೊತೆ ಹೋಲಿಸುವುದೂ ಇದರಲ್ಲೇ ಬಂತು. ಇನ್ನೊಂದು, ನೌಕರಿ ಹೋಗುತ್ತಿತ್ತು ಅನ್ನುವುದು ನಿಜ ಅಲ್ಲ. ಒಂದು ಸಾಲು ಉಬ್ಬಿಸಿದರೆ ಉಳಿದ ನಿಜವಾದ ಸಾಲುಗಳನ್ನೂ ಜನ ಅನುಮಾನದಿಂದ ಓದುತ್ತಾರೆ.

ಆ ಘಟನೆಯಿಂದ ನಿಮ್ಮ ಕೆಲಸದಲ್ಲಿ ಏನು ಉಳಿಯಿತು?

ಹೊಗಳಿಕೆ ಅವರ ಹತ್ತಿರವೇ ನಿಂತುಬಿಡುತ್ತದೆ: ನೀವು ದೊಡ್ಡವರು, ನೀವು ಒಳ್ಳೆಯವರು. ಮನಸ್ಸಿನ ಮಾತು ಅಲ್ಲಿಂದ ಮುಂದೆ ನಿಮ್ಮ ತನಕ ಬರುತ್ತದೆ. ಘಟನೆಗೆ ಒಂದು ಸಾಲು ಕೊಟ್ಟ ಮೇಲೆ, ಅದರಿಂದ ನೀವು ಇವತ್ತು ಏನು ಮಾಡುತ್ತೀರಿ ಅಂತ ಇನ್ನೊಂದು ಸಾಲು ಬರೆಯಿರಿ. "ಬಹಳ ಕಲಿತೆ" ಸಾಲದು. ಏನು ಕಲಿತಿರಿ ಅನ್ನುವುದು ಕೆಲಸದ ರೂಪದಲ್ಲಿ ಕಾಣಬೇಕು. ನಮ್ಮ ಹುಡುಗಿ ಹೇಳಿದಳು, "ಈಗ ಅನುಮಾನ ಬಂದ್ರ ನಾನು ವಾದ ಮಾಡಂಗಿಲ್ಲ ಕಾಕಾ, ಮೊದಲು ಪೀಸ್ ಕಟ್ ಮಾಡಸ್ತೀನಿ." ಆ ಸಾಲು ಸಿಕ್ಕ ಮೇಲೆ ಬಾಕಿಯೆಲ್ಲ ಸುಲಭ ಆಯ್ತು.

ಕೊನೆಗೆ ಉಳಿದದ್ದು ಇಷ್ಟು:

"ಸರ್, ನಮಸ್ಕಾರ. ನಿಮಗೆ ಹುಟ್ಟುಹಬ್ಬದ ಶುಭಾಶಯಗಳು. ಹೋದ ಜುಲೈನಲ್ಲಿ ನಾನು ಹೋಲ್ಡ್ ಮಾಡಿದ ಲಾಟ್ ನೋಡಲು ನೀವೇ ಶಾಪಿಗೆ ಬಂದು, ಪೀಸ್ ಕಟ್ ಮಾಡಿಸಿ ನೋಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆವತ್ತಿನಿಂದ ಅನುಮಾನ ಬಂದಾಗ ಮೊದಲು ಪೀಸ್ ಕಟ್ ಮಾಡಿಸಿ, ಆಮೇಲೆ ಮಾತಾಡುತ್ತೇನೆ. ನಿಮಗೂ ಮನೆಯವರಿಗೂ ಈ ವರ್ಷ ಆರೋಗ್ಯ, ನೆಮ್ಮದಿ ಇರಲಿ ಎಂದು ಹಾರೈಸುತ್ತೇನೆ."

ಕೆಳಗೆ ಹೆಸರು, ವಿಭಾಗ. ಸಾಹೇಬರ ಫೋನಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರದೆ ಇರಬಹುದು, ಅದಕ್ಕೆ ಹೆಸರು ಬೇಕೇ ಬೇಕು. ಗಮನಿಸಿ, ಇದರಲ್ಲಿ ಸಾಹೇಬರನ್ನು ಹೊಗಳುವ ಪದ ಒಂದೂ ಇಲ್ಲ. ಆದರೂ ಗೌರವ ಕಾಣುತ್ತದೆ ಅಲ್ವಾ?

ಹರಸುವುದು ಬೇರೆ, ಹಾರೈಸುವುದು ಬೇರೆ

ಕನ್ನಡದಲ್ಲಿ ಬರೆಯುವಾಗ ಇಲ್ಲಿ ಬಹಳ ಜನ ಎಡವುತ್ತಾರೆ. ಹರಸುವುದು ದೊಡ್ಡವರು ಚಿಕ್ಕವರನ್ನು. "ನೂರ್ಕಾಲ ಬಾಳಿ", "ನಿಮಗೆ ಒಳ್ಳೆಯದಾಗಲಿ" ಅನ್ನುವುದು ಅಜ್ಜಿ ಮೊಮ್ಮಗನ ತಲೆ ಮೇಲೆ ಕೈಯಿಟ್ಟು ಹೇಳುವ ಧಾಟಿ. ಇಪ್ಪತ್ತೈದರ ಹುಡುಗಿ ಐವತ್ತೈದರ ಅಧಿಕಾರಿಗೆ ಹಾಗೆ ಬರೆದರೆ ಕಿವಿಗೆ ಹಿಡಿಸುವುದಿಲ್ಲ. "ಹಾರೈಸುತ್ತೇನೆ" ಅನ್ನಿ. ಅದನ್ನು ಯಾರು ಯಾರಿಗೂ ಹೇಳಬಹುದು.

"ತಾವು" ಬೇಕಾ, "ನೀವು" ಬೇಕಾ? ಮುಖಾಮುಖಿ ಮಾತಾಡುವಾಗ ಏನು ಅನ್ನುತ್ತೀರೋ ಅದನ್ನೇ ಬರೆಯಿರಿ. ದಿನಾ "ಸರ್, ನೀವು ನೋಡ್ರಿ" ಅನ್ನುವವರು ಆ ಒಂದು ದಿನ "ತಮ್ಮ ಸನ್ನಿಧಿಗೆ" ಅಂದರೆ ಯಾರೋ ಬರೆದುಕೊಟ್ಟ ಹಾಗೆ ಕೇಳುತ್ತದೆ. "ಸದಾ ನಿಮ್ಮ ಋಣಿ" ಕೂಡ ಬಿಡಿ. ಸಂಬಳಕ್ಕೆ ದುಡಿಯುವ ಜಾಗದಲ್ಲಿ ಅದು ಅತಿಯಾಗುತ್ತದೆ. ಇನ್ನೊಂದು ಮಾತು: ನಿವೃತ್ತಿ ಹತ್ತಿರ ಇರುವವರಿಗೆ "ಇನ್ನೂ ಬಹಳ ವರ್ಷ ನಮ್ಮನ್ನು ಮುನ್ನಡೆಸಿ" ಅಂತ ಬರೆಯಬೇಡಿ. ಆ ತಾರೀಖು ಅವರು ಮನಸ್ಸಿನಲ್ಲೇ ಎಣಿಸುತ್ತಿರುತ್ತಾರೆ.

ಎಲ್ಲಿ, ಯಾವಾಗ ಕಳಿಸುವುದು

ಈ ನಾಲ್ಕು ಸಾಲು ಅವರಿಗೆ ಮಾತ್ರ, ನೇರವಾಗಿ. ವಿಭಾಗದ ವಾಟ್ಸ್ಆ್ಯಪ್ ಗುಂಪಿನಲ್ಲಿ "ಹುಟ್ಟುಹಬ್ಬದ ಶುಭಾಶಯಗಳು ಸರ್" ಅಂದರೆ ಸಾಕು. ಅದೇ ಘಟನೆಯನ್ನು ನಲವತ್ತು ಜನರ ಮುಂದೆ ಹಾಕಿದರೆ ಅದು ಉಳಿದವರಿಗೆ ತೋರಿಸಲು ಬರೆದದ್ದಾಗುತ್ತದೆ. ಹಾಗಂತ ಮುಚ್ಚಿಡುವಂಥದ್ದೂ ಇರಬಾರದು. ಪಕ್ಕದ ಟೇಬಲ್ಲಿನವರು ಅಕಸ್ಮಾತ್ ಓದಿದರೆ ನಿಮಗೆ ಮುಜುಗರ ಆಗುತ್ತದಾ? ಹಾಗಾದರೆ ಯಾವ ಪದಕ್ಕೆ ಮುಜುಗರ ಆಯಿತೋ ಅದನ್ನು ತೆಗೆದುಹಾಕಿ.

ರಾತ್ರಿ ಹನ್ನೆರಡಕ್ಕೆ ಕಳಿಸಬೇಡಿ, ಅದು ಗೆಳೆಯರ, ಮನೆಯವರ ಹೊತ್ತು. ಬೆಳಿಗ್ಗೆ ಎಂಟೂವರೆ, ಒಂಬತ್ತಕ್ಕೆ ಸರಿ. ಅದೇ ದಿನ ರಜೆಯನ್ನಾಗಲಿ, ಇನ್ಕ್ರಿಮೆಂಟನ್ನಾಗಲಿ ಕೇಳಬೇಡಿ. ರಜೆ ತುರ್ತಾಗಿ ಬೇಕಿದ್ದರೆ ಅದನ್ನು ಹಿಂದಿನ ದಿನವೇ ಕೇಳಿಬಿಡಿ. ಕುಂದಾ ಒಯ್ಯುವುದಿದ್ದರೆ ವಿಭಾಗದವರೆಲ್ಲ ಸೇರಿ ತಂದು, ಎಲ್ಲರೂ ಹಂಚಿ ತಿನ್ನಿ. ಒಬ್ಬರೇ ಡಬ್ಬಿ ಹಿಡಿದು ಕ್ಯಾಬಿನ್‌ಗೆ ಹೋಗುವುದು ಬೇಡ.

ಯೋಚಿಸಿದರೂ ಒಂದು ಘಟನೆಯೂ ನೆನಪಿಗೆ ಬರಲಿಲ್ಲವೇ? ಹೊಸಬರಾಗಿದ್ದರೆ, ಅಥವಾ ಸಾಹೇಬರ ಜೊತೆ ಒಡನಾಟವೇ ಇಲ್ಲದಿದ್ದರೆ ಹಾಗಾಗುತ್ತದೆ. ಆಗ ಸುಮ್ನೆ ಹುಡುಕಿ ಕಟ್ಟಬೇಡಿ. "ಸರ್, ಹುಟ್ಟುಹಬ್ಬದ ಶುಭಾಶಯಗಳು. ಆರೋಗ್ಯ, ನೆಮ್ಮದಿ ಇರಲಿ ಎಂದು ಹಾರೈಸುತ್ತೇನೆ" ಅಂತ ಎರಡೇ ಸಾಲು ಬರೆದರೂ ಅದು ಪೂರ್ತಿ ಶುಭಾಶಯವೇ.

ಉತ್ತರ ಬಂದ ಮೇಲೆ ಅಲ್ಲಿಗೆ ಬಿಡಿ. "ಥ್ಯಾಂಕ್ಸ್" ಬಂದರೆ ಮತ್ತೆ ಕೈಮುಗಿದ ಚಿತ್ರ ಕಳಿಸುವುದು ಬೇಕಿಲ್ಲ. ಅವರು ಏನಾದರೂ ಕೇಳಿದರೆ ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ನಮ್ಮ ಹುಡುಗಿಗೆ ಒಂಬತ್ತೂವರೆಗೆ ಉತ್ತರ ಬಂತು: "ಥ್ಯಾಂಕ್ಸ್ ರೀ. ಇವತ್ತು ಮರಳು ಹೆಂಗೈತಿ?" ಅವಳು ಲ್ಯಾಬಿಗೆ ಹೋಗಿ ನೋಡಿ ಬರೆದಳು, "ತೇವ 3.4 ಪರ್ಸೆಂಟ್ ಐತ್ರಿ ಸರ್."