ನಾಲ್ಕು ಎಕರೆಗೆ ಟ್ರ್ಯಾಕ್ಟರ್ ಕೊಳ್ಳದೆಯೇ ಹದಕ್ಕೆ ಸರಿಯಾಗಿ ಉತ್ತ ಬಗೆ

ಮುಳಬಾಗಿಲು ತಾಲ್ಲೂಕಿನ ನಮ್ಮೂರಿನಲ್ಲಿ ನನಗಿರುವುದು ನಾಲ್ಕು ಎಕರೆ. ಎರಡೂವರೆ ಎಕರೆ ಮಳೆಯಾಶ್ರಿತ ರಾಗಿ ಹೊಲ, ಒಂದು ಎಕರೆ ಬೋರ್‌ವೆಲ್ ನೀರಿನ ಟೊಮೆಟೊ, ಉಳಿದ ಇಪ್ಪತ್ತು ಗುಂಟೆಯಲ್ಲಿ ಹಸುಗಳ ಮೇವು. ಎತ್ತು ಮಾರಿದ ಮೇಲೆ ಊರಿನವರೆಲ್ಲ ನನಗೆ ಕೊಟ್ಟ ಸಲಹೆ ಒಂದೇ: ಟ್ರ್ಯಾಕ್ಟರ್ ತೆಗೆದುಕೋ. ನಾನು ತೆಗೆದುಕೊಳ್ಳಲಿಲ್ಲ. ಬಾಡಿಗೆ ಗಾಡಿಯಲ್ಲೇ ಕಳೆದ ಕೆಲವು ವರ್ಷಗಳಿಂದ ಹದ ತಪ್ಪದಂತೆ ಉಳುಮೆ ಮುಗಿಸುತ್ತಿದ್ದೇನೆ. ಸ್ವಂತ ಗಾಡಿ ಇಟ್ಟುಕೊಂಡ ಇಬ್ಬರು ಈಗ ನಮ್ಮ ಏರ್ಪಾಟಿನಲ್ಲಿ ಜಾಗ ಇದೆಯೇ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಗಂಟೆಗಳ ಲೆಕ್ಕ. ರಾಗಿ ಹೊಲಕ್ಕೆ ಒಂಬತ್ತು ಗುಳದ ಕಲ್ಟಿವೇಟರ್ ಮೂರು ಸಲ, ರೋಟವೇಟರ್ ಒಂದು ಸಲ ಎಂದರೆ ಹನ್ನೊಂದು ಗಂಟೆಯ ಆಸುಪಾಸು. ಟೊಮೆಟೊ ವರ್ಷಕ್ಕೆ ಎರಡು ಬೆಳೆ. ಉಳುಮೆ, ರೋಟವೇಟರ್, ಬೆಡ್ ಎಳೆಯುವುದು ಸೇರಿ ಇನ್ನೊಂದು ಹತ್ತು ಹನ್ನೆರಡು ಗಂಟೆ. ಮೇವಿನ ತಾಕಿಗೆ ಎರಡು. ಎಷ್ಟೇ ಎಳೆದರೂ ನನ್ನ ಜಮೀನಿಗೆ ವರ್ಷಕ್ಕೆ ಮೂವತ್ತು ಗಂಟೆಗಿಂತ ಹೆಚ್ಚಿನ ಕೆಲಸ ಇಲ್ಲ. ಗಂಟೆಗೆ ಸರಾಸರಿ ಸಾವಿರ ರೂಪಾಯಿ ಹಿಡಿದು, ಗೊಬ್ಬರದ ಲೋಡುಗಳನ್ನೂ ಸೇರಿಸಿದರೆ ವರ್ಷದ ಬಾಡಿಗೆ ಮೂವತ್ತೈದು ಸಾವಿರದೊಳಗೆ ಮುಗಿಯುತ್ತದೆ.

ಕೊಳ್ಳುವುದಾದರೆ, 35–40 ಎಚ್‌ಪಿ ಗಾಡಿ, ಜೊತೆಗೆ ಕಲ್ಟಿವೇಟರ್ ಮತ್ತು ರೋಟವೇಟರ್ ಸೇರಿ ಎಂಟು ಲಕ್ಷದ ಹತ್ತಿರ ಬಂದಿತ್ತು. ಎರಡು ಲಕ್ಷ ಕೈಯಿಂದ ಹಾಕಿ ಆರು ಲಕ್ಷ ಸಾಲ ಮಾಡಿದರೆ, ಹತ್ತೂವರೆ ಪರ್ಸೆಂಟ್ ಬಡ್ಡಿಯಲ್ಲಿ ಐದು ವರ್ಷಕ್ಕೆ, ವರ್ಷದ ಕಂತು ಒಂದು ಲಕ್ಷ ಅರವತ್ತು ಸಾವಿರ ಮುಟ್ಟುತ್ತದೆ. ‘ಬಾಡಿಗೆಗೆ ಓಡಿಸಿದರೆ ಕಂತು ತಾನಾಗಿ ಕಟ್ಟಿಕೊಂಡು ಹೋಗುತ್ತೆ ಭಾವ’ ಎಂದು ನನ್ನ ಭಾವಮೈದುನ ವಾದಿಸಿದ್ದರು. ಸಾವಿರ ರೂಪಾಯಿ ಬಾಡಿಗೆಯಲ್ಲಿ ಡೀಸೆಲ್ಲಿಗೆ ಮುನ್ನೂರೈವತ್ತು, ಡ್ರೈವರಿಗೆ ನೂರೈವತ್ತು, ರಿಪೇರಿ ಮತ್ತು ಟೈರಿಗೆ ನೂರು ತೆಗೆದಿಟ್ಟರೆ ಗಂಟೆಗೆ ಉಳಿಯುವುದು ನಾನೂರು. ಅಂದರೆ ಬರೀ ಕಂತಿಗಾಗಿ ನಾನೂರು ಗಂಟೆ ಬೇರೆಯವರ ಹೊಲದಲ್ಲಿ ಓಡಬೇಕು, ಅದೂ ಎಲ್ಲರೂ ಹಣವನ್ನು ಆ ದಿನವೇ ಕೊಟ್ಟರೆ. ನಮ್ಮ ಕಡೆ ಉಳುಮೆಯ ಬಾಡಿಗೆ ಬಾಕಿ ರಾಗಿ ಒಕ್ಕಣೆಯಾದ ಮೇಲೆಯೇ ಕೈಗೆ ಬರುವುದು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಕೊನೆಗೆ ಭಾವಮೈದುನರು ತಾವೇ ಎರಡೂವರೆ ಲಕ್ಷಕ್ಕೆ ಹಳೆಯ ಗಾಡಿಯೊಂದನ್ನು ತಂದರು. ಮೊದಲ ಮುಂಗಾರಿನಲ್ಲೇ ಕ್ಲಚ್ಚೂ ಹೈಡ್ರಾಲಿಕ್ಕೂ ಸೇರಿ ಅರವತ್ತು ಸಾವಿರ ನುಂಗಿದವು. 2025ರ ಸೆಪ್ಟೆಂಬರಿನಲ್ಲಿ ಟ್ರ್ಯಾಕ್ಟರಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಾಗ ಮನೆಯಲ್ಲಿ ಮತ್ತೆ ಇದೇ ಮಾತು ಎದ್ದಿತು. ಬೆಲೆ ನಲವತ್ತು ಸಾವಿರದಷ್ಟು ಇಳಿದರೂ ವರ್ಷದ ಕಂತಿನಲ್ಲಿ ಉಳಿಯುವುದು ಹತ್ತು ಸಾವಿರ ಮಾತ್ರ, ಲೆಕ್ಕ ಬದಲಾಗಲಿಲ್ಲ.

ಇಷ್ಟಾದರೂ ಕೊಳ್ಳಿ ಎನ್ನುವವರ ವಾದದಲ್ಲಿ ಒಂದು ಬಲವಾದ ಅಂಶ ಇತ್ತು, ಅದನ್ನು ನಾನು ತಳ್ಳಿಹಾಕಲಾರೆ. ಬಾಡಿಗೆಯ ನಿಜವಾದ ಖರ್ಚು ಬಾಡಿಗೆ ಹಣವಲ್ಲ, ಕಾಯುವಿಕೆ. ಎತ್ತು ಮಾರಿದ ವರ್ಷ ಆರಿದ್ರಾ ಮಳೆ ಚೆನ್ನಾಗಿಯೇ ಬಿತ್ತು. ಗಾಡಿಯವರು ತಮ್ಮ ಹೊಲ ಮುಗಿಸಿ, ದೊಡ್ಡ ಜಮೀನಿನವರದ್ದು ಮುಗಿಸಿ ನನ್ನ ಹೊಲಕ್ಕೆ ಬರುವ ಹೊತ್ತಿಗೆ ವಾರ ಕಳೆದಿತ್ತು. ನಮ್ಮ ಕೆಂಪು ಮಣ್ಣಿನಲ್ಲಿ ಹದ ನಿಲ್ಲುವುದೇ ಮೂರು ನಾಲ್ಕು ದಿನ. ಗುಳ ಇಳಿಯದೆ ಮೇಲೆ ಕೆರೆಯುತ್ತ ಹೋಗಿ ಹೆಂಟೆ ಎದ್ದವು. ಮತ್ತೊಂದು ಮಳೆಗೆ ಕಾದು ಬಿತ್ತಿದ್ದು ಆಗಸ್ಟ್ ಕೊನೆಗೆ. ಎಕರೆಗೆ ಒಂಬತ್ತು ಕ್ವಿಂಟಾಲ್ ಬರುವ ಕಡೆ ಐದು ಬಂತು. ಎರಡೂವರೆ ಎಕರೆಗೆ ಹತ್ತು ಕ್ವಿಂಟಾಲ್ ಕೈತಪ್ಪಿತು. 2024-25ರ ಬೆಂಬಲ ಬೆಲೆ 4,290 ರೂಪಾಯಿಯಂತೆ ಹಿಡಿದರೆ ಅದು ವರ್ಷದ ಬಾಡಿಗೆಗಿಂತ ಹೆಚ್ಚಿನ ಹಣ. ಎಂಟು ಲಕ್ಷ ಹಾಕದೆ ಆ ನಾಲ್ಕು ದಿನವನ್ನು ಹೇಗೆ ಹಿಡಿಯುವುದು ಎಂಬುದೇ ನಾನು ಬಿಡಿಸಬೇಕಾಗಿದ್ದ ಗಂಟು.

ಮುಂಗಡ ಕೊಟ್ಟು ಸರದಿ ಹಿಡಿಯುವುದನ್ನು ಮೊದಲು ಮಾಡಿ ನೋಡಿದೆ. ಫಲಿಸಲಿಲ್ಲ, ಏಕೆಂದರೆ ಮಳೆ ಬಿದ್ದ ದಿನ ಮುಂಗಡ ಕೊಟ್ಟ ಹತ್ತು ಜನರೂ ಒಟ್ಟಿಗೆ ಫೋನ್ ಮಾಡುತ್ತಾರೆ. ಗಂಟೆಗೆ ನೂರು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದೂ ನೋಡಿದೆ. ಮರುವರ್ಷ ಅದೇ ಊರಿನ ಮಾಮೂಲಿ ದರವಾಯಿತು. ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರವನ್ನು ನಾನು ಈಗಲೂ ಬಳಸುತ್ತೇನೆ, ಆದರೆ ಬೇಸಿಗೆಯಲ್ಲಿ, ಪಲ್ಟಿ ನೇಗಿಲಿಗಾಗಿ. ಆ ಕೆಲಸಕ್ಕೆ ಅವಸರವಿಲ್ಲ.

ಆಮೇಲೆ ಗಾಡಿಯವರ ಕಡೆಯಿಂದ ಯೋಚಿಸಿದೆ. ನನ್ನ ಎರಡೂವರೆ ಎಕರೆಗಾಗಿ ಅವರು ಮೂರು ಕಿಲೋಮೀಟರ್ ಬರಬೇಕು, ಅಷ್ಟೇ ದೂರ ಹಿಂದಿರುಗಬೇಕು, ಆ ಓಡಾಟದ ಡೀಸೆಲ್ಲಿಗೆ ಯಾರೂ ಹಣ ಕೊಡುವುದಿಲ್ಲ. ಹಣ ಯಾವಾಗ ಬರುವುದೋ ಗೊತ್ತಿಲ್ಲ. ಇಂಥವನನ್ನು ಕೊನೆಗೆ ಇಡುವುದು ಸಹಜ. ಹಾಗಾಗಿ ನಮ್ಮ ಬಂಡಿದಾರಿಯ ಎರಡೂ ಬದಿ ಹೊಲ ಇರುವ ಆರು ಜನರನ್ನು ಕೂಡಿಸಿದೆ. ಎಲ್ಲರದೂ ಸೇರಿ ರಾಗಿ ಹೊಲ ಹದಿನೇಳು ಎಕರೆಯಷ್ಟಾಯಿತು, ಅಂದರೆ ಗಾಡಿಗೆ ರಸ್ತೆಗೆ ಹತ್ತದೆ ಎರಡು ದಿನ ತುಂಬ ಕೆಲಸ. ಯುಗಾದಿಗೆ ಮುಂಚೆಯೇ ಗಾಡಿಯವರ ಮನೆಗೆ ಹೋಗಿ ಮಾತಾಡಿದೆವು: ಡೀಸೆಲ್ ನಮ್ಮದು, ಗಾಡಿ ಮತ್ತು ಡ್ರೈವರ್ ನಿಮ್ಮದು, ಗಂಟೆಗೆ ಆರುನೂರು, ಸಂಜೆ ಗಾಡಿ ಹೊರಡುವ ಮುಂಚೆ ನಗದು; ನಿಮ್ಮ ಸ್ವಂತ ಹೊಲ ಮುಗಿದ ಮೇಲೆ ಮೊದಲು ನಮ್ಮ ದಾರಿಗೆ ಬರಬೇಕು. ‘ಆರು ಜನ ಒಂದು ಮಾತಿಗೆ ನಿಲ್ಲುವುದುಂಟಾ ಅಣ್ಣ’ ಎಂದು ಅವರು ನಕ್ಕರು. ಅರಳಿಕಟ್ಟೆಯಲ್ಲೂ ಅದೇ ಮಾತು ಆಗಿತ್ತು. ಸಂಜೆ ನಗದು ಎಂಬುದೇ ಅವರನ್ನು ಒಪ್ಪಿಸಿತು. ಅದಕ್ಕಾಗಿ ಆರು ಜನ ಮೊದಲೇ ಹಣ ಒಂದೆಡೆ ಇಡುತ್ತೇವೆ. ಎಷ್ಟು, ಯಾರ ಬಳಿ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಒಳಗಿನ ಜಗಳ ಸರದಿಯದ್ದು. ಚೀಟಿ ಎತ್ತೋಣ ಎಂದರು ಒಬ್ಬರು. ನಾನು ಒಪ್ಪಲಿಲ್ಲ, ಮಣ್ಣೇ ಸರದಿ ಹೇಳಲಿ ಎಂದೆ. ಮೇಲಿನ ಗರಸು ಹೊಲಗಳಿಗೆ ಮಳೆ ನಿಂತ ಮರುದಿನ ಮಧ್ಯಾಹ್ನವೇ ಹದ ಬರುತ್ತದೆ, ಬೇಗ ಹೋಗಿಯೂ ಬಿಡುತ್ತದೆ. ಕೆರೆ ಕಡೆಯ ಜಿಗುಟು ಮಣ್ಣಿಗೆ ಮೂರನೆಯ ದಿನ ಬೇಕು. ಮೇಲಿನಿಂದ ಕೆಳಕ್ಕೆ ಇಳಿದರೆ ಎಲ್ಲರಿಗೂ ಅವರವರ ಹದಕ್ಕೆ ಗಾಡಿ ಸಿಗುತ್ತದೆ. ಸಂಶಯ ಬಂದಾಗ ನಾಲ್ಕು ಬೆರಳು ಆಳದ ಮಣ್ಣು ತೆಗೆದು ಮುಷ್ಟಿ ಕಟ್ಟಿ, ಎದೆಯೆತ್ತರದಿಂದ ಬಿಡುತ್ತೇವೆ: ಉಂಡೆ ಹಾಗೇ ಕೂತರೆ ಇನ್ನೂ ಹಸಿ, ಒಡೆದು ಹರಡಿದರೆ ಗಾಡಿ ಇಳಿಸಬಹುದು, ಉಂಡೆಯೇ ಕಟ್ಟದಿದ್ದರೆ ಹದ ತಪ್ಪಿದೆ. ಒಂದೇ ಮಟ್ಟದಲ್ಲಿರುವ ಎರಡು ಹೊಲಗಳ ನಡುವೆ ಹೇಗೆ ತೀರ್ಮಾನ ಮಾಡುತ್ತೇವೆ ಎಂಬ ಉಪಾಯ ನಮ್ಮಲ್ಲೇ ಇರಲಿ.

ಡೀಸೆಲ್ ನಾವೇ ಹಾಕುವುದರಿಂದ ಹಣ ಬಹಳವೇನೂ ಉಳಿಯುವುದಿಲ್ಲ, ಆದರೆ ಕೆಲಸದ ಅಳತೆ ಕೈಗೆ ಸಿಗುತ್ತದೆ. ಗಂಟೆ ಲೆಕ್ಕವಾದರೆ ಡ್ರೈವರ್ ನಿಧಾನಿಸುತ್ತಾನೆ. ಎಕರೆ ಲೆಕ್ಕವಾದರೆ ಮೇಲಿನ ಗೇರಿಗೆ ಹಾಕಿ ಮೇಲ್ಮಣ್ಣು ಕೆದಕಿ ಓಡುತ್ತಾನೆ. ಟ್ಯಾಂಕನ್ನು ಬಾಯಿ ಮಟ್ಟ ತುಂಬಿಸಿ ಹೊಲಕ್ಕೆ ಇಳಿಸಿ, ಮುಗಿದ ಮೇಲೆ ಮತ್ತೆ ಬಾಯಿ ಮಟ್ಟ ತುಂಬಿಸಿದರೆ ಎಕರೆಗೆ ಎಷ್ಟು ಲೀಟರ್ ಎಂಬುದು ತಿಳಿಯುತ್ತದೆ. ನಮ್ಮ ಮಣ್ಣಿನಲ್ಲಿ ಕಲ್ಟಿವೇಟರಿಗೆ ನಾಲ್ಕು ಲೀಟರ್, ರೋಟವೇಟರಿಗೆ ಆರು ಏಳು. ಅದಕ್ಕಿಂತ ತೀರಾ ಕಡಿಮೆಯಾದರೆ ಆಳ ಇಳಿದಿಲ್ಲ. ಹೆಚ್ಚಾದರೆ ಒಂದೋ ಗಾಡಿ ಸುಮ್ಮನೆ ತಿರುಗಿದೆ, ಇಲ್ಲವೇ ಬ್ಲೇಡ್ ಸವೆದಿದೆ. ನಮ್ಮ ಗರಸಿನಲ್ಲಿ ಬ್ಲೇಡು ಬೇಗ ಸವೆಯುವುದರಿಂದ ಗಾಡಿ ಇಳಿಯುವ ಮುನ್ನ ಒಮ್ಮೆ ಬಗ್ಗಿ ನೋಡುವುದು ಒಳ್ಳೆಯದು. ಒಂದು ಬೆತ್ತಕ್ಕೆ ಐದು ಅಂಗುಲದಲ್ಲಿ ಗುರುತು ಮಾಡಿ ಸಾಲಿನ ನಡುವೆ ಚುಚ್ಚುತ್ತ ಡ್ರೈವರ ಹಿಂದೆ ಎರಡು ಸುತ್ತು ನಡೆದರೆ ಸಾಕು, ಆಮೇಲೆ ಆತ ತಾನಾಗಿ ಇಳಿಸುತ್ತಾನೆ.

ಮೀಟರಿನ ವಿಷಯ ಅನೇಕರಿಗೆ ತಿಳಿದಂತಿಲ್ಲ. ಹಳೆಯ ಗಾಡಿಗಳ ಗಂಟೆ ಮೀಟರು ಸಮಯವನ್ನಲ್ಲ, ಎಂಜಿನ್ ಸುತ್ತನ್ನು ಎಣಿಸುತ್ತದೆ. ಥ್ರಾಟಲ್ ಏರಿಸಿ ರೋಟವೇಟರ್ ಓಡಿಸಿದಾಗ ಮೀಟರಿನ ಗಂಟೆ ಗಡಿಯಾರದ ಗಂಟೆಗಿಂತ ಮುಂದೆ ಓಡಬಹುದು. ಆದ್ದರಿಂದ ನಾವು ಮೊಬೈಲಿನ ಗಡಿಯಾರದ ಲೆಕ್ಕವನ್ನೇ ಮೊದಲೇ ಒಪ್ಪಿಸಿಕೊಂಡಿದ್ದೇವೆ.

ನಡುವೆ ಒಂದು ಪ್ರಯೋಗ ಮಾಡಿದೆವು. ಗಾಡಿ ಬಾಡಿಗೆಯದ್ದಾದರೂ ಉಪಕರಣ ನಮ್ಮದಿರಲಿ ಎಂದು ಹಳೆಯ ಕಲ್ಟಿವೇಟರ್ ಮತ್ತು ಟೊಮೆಟೊ ಬೆಡ್ ಎಳೆಯುವ ಸಾಧನ ತಂದೆವು. ಕಲ್ಟಿವೇಟರ್ ಬಹುಪಾಲು ಕೊಟ್ಟಿಗೆಯಲ್ಲೇ ನಿಂತಿದೆ, ಏಕೆಂದರೆ ಅದು ಎಲ್ಲ ಗಾಡಿಯವರಲ್ಲೂ ಇರುತ್ತದೆ. ಬೆಡ್ ಸಾಧನ ಮಾತ್ರ ತನ್ನ ಬೆಲೆ ತೀರಿಸಿತು: ಬಾಡಿಗೆಯವರು ಐದು ಅಡಿಗೆ ಎಳೆದರೆ ನನ್ನ ಡ್ರಿಪ್ ಪೈಪುಗಳು ನಾಲ್ಕು ಅಡಿ ಲೆಕ್ಕದವು, ಪ್ರತಿ ಬೆಳೆಗೂ ಆಳು ಹಚ್ಚಿ ಬೆಡ್ ಸರಿಪಡಿಸಬೇಕಾಗುತ್ತಿತ್ತು. ಹೀಗೆ ಉಪಕರಣ ಕೊಳ್ಳುವವರು ಪಿನ್ ಗಾತ್ರ ನೋಡಿಕೊಳ್ಳಬೇಕು. ಮಿನಿ ಗಾಡಿಗಳ ಕೆಳಗಿನ ಲಿಂಕಿಗೆ ಸಾಮಾನ್ಯವಾಗಿ 22 ಮಿಲಿಮೀಟರ್ ಪಿನ್, ದೊಡ್ಡ ಗಾಡಿಗಳಿಗೆ 28. ಸಣ್ಣ ಪಿನ್ನಿಗೆ ಹಾಕುವ ಬುಷ್ ಜೋಡಿಯೊಂದು ಜೇಬಿನಲ್ಲಿದ್ದರೆ ಯಾವ ಗಾಡಿ ಬಂದರೂ ಕೆಲಸ ನಿಲ್ಲುವುದಿಲ್ಲ.

ಈ ಏರ್ಪಾಟು ಎಲ್ಲ ಕಡೆ ನಡೆಯದು. ಹೊಲಗಳು ಊರಿನ ನಾಲ್ಕು ದಿಕ್ಕಿಗೆ ಚದುರಿದ್ದರೆ ಗಾಡಿಯವರಿಗೆ ಓಡಾಟದ ಖರ್ಚು ತಪ್ಪುವುದಿಲ್ಲ, ಆಗ ನಗದಿನ ಮಾತಿಗೂ ಬೆಲೆಯಿಲ್ಲ. ಗಾಡಿಯವರಿಗೆ ಸ್ವಂತದ್ದೇ ಇಪ್ಪತ್ತು ಎಕರೆ ಇದ್ದರೂ ಅಷ್ಟೇ, ಅವರದು ಮುಗಿಯುವಷ್ಟರಲ್ಲಿ ಹದ ಹೋಗಿರುತ್ತದೆ. ನಾವು ಎಂಟು ಎಕರೆಯವರನ್ನೇ ಹುಡುಕಿ ಹಿಡಿದೆವು. ಮನೆಯಲ್ಲಿ ಗಾಡಿ ಓಡಿಸುವ ಮಗನಿದ್ದು, ವರ್ಷಕ್ಕೆ ನಾನೂರು ಗಂಟೆ ಕೆಲಸ ಕೊಡುವವರ ಹೆಸರುಗಳನ್ನು ಮೊದಲೇ ಬರೆದಿಡಬಲ್ಲವರು ಕೊಂಡರೆ ತಪ್ಪಿಲ್ಲ. ಟೊಮೆಟೊ ಕೆಲಸಕ್ಕೆ ಆರು ಜನರ ಕೂಟ ಉಪಯೋಗಕ್ಕೆ ಬರುವುದಿಲ್ಲ, ನಾಟಿಯ ದಿನ ಒಬ್ಬೊಬ್ಬರದು ಒಂದೊಂದು. ಅದಕ್ಕೆ ಈಗಲೂ ಪೂರ್ತಿ ಬಾಡಿಗೆ ಕೊಟ್ಟೇ ಗಾಡಿ ಕರೆಯುತ್ತೇನೆ. ನೀರು ಕೈಯಲ್ಲಿರುವ ಹೊಲವಾದ್ದರಿಂದ ಗಾಡಿ ಎರಡು ದಿನ ತಡವಾದರೂ ನೀರು ಬಿಟ್ಟು ಹದ ಮಾಡಿಕೊಳ್ಳಬಹುದು.