ಇಪ್ಪತ್ತಕ್ಕೆ ಹತ್ತು ಸೇರಿಸಿದರೆ ಇಪ್ಪತ್ತೆಂಟು

ಅಂಗಡಿಯ ಸಾಮಾನಿಗೆ ಬೆಲೆ ಕಟ್ಟುವುದು ಬಹಳ ದಿನಗಳಿಂದ ನನ್ನದೇ ಕೆಲಸ. ಒಂದು ಆಫರ್ ಮುಗಿದ ಮೇಲೆ ಲೆಕ್ಕಕ್ಕೆ ಕೂತಾಗ, ಚೆನ್ನಾಗಿ ಮಾರಾಟವಾದ ಒಂದು ಬ್ಯಾಗಿನಿಂದ ನಮಗೆ ಏನೂ ಉಳಿದಿಲ್ಲ ಅನ್ನುವುದು ಗೊತ್ತಾಯಿತು. ಆ ಒಂದು ಬ್ಯಾಗಿನ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಮಾಡಿದ ಎರಡು ತಪ್ಪುಗಳೂ ಅದರಲ್ಲೇ ಇವೆ.

ಬ್ಯಾಗಿನ ಅಸಲು 600. ಅದರ ಮೇಲೆ ಶೇ. 40 ಹಾಕಿ 840 ಅಂತ ಚೀಟಿ ಅಂಟಿಸಿದ್ದೆ. ಆಫರ್ ಬಂದಾಗ ಎಲ್ಲರಿಗೂ ಶೇ. 20, ಹಳೆಯ ಗಿರಾಕಿಗಳಿಗೆ ಅದರ ಮೇಲೆ ಇನ್ನೂ ಶೇ. 10 ಎಂದು ಬೋರ್ಡ್ ಹಾಕಿದೆವು. ಆಗ ನನ್ನ ತಲೆಯಲ್ಲಿ ಓಡಿದ ಲೆಕ್ಕ ಇಷ್ಟೇ: ನಲವತ್ತು ಹಾಕಿದ್ದೀವಿ, ಮೂವತ್ತು ಬಿಡ್ತೀವಿ, ಹತ್ತು ಉಳಿಯುತ್ತೆ. ಅಂದರೆ ಬ್ಯಾಗಿಗೆ 60 ಆದರೂ ಸಿಗುತ್ತೆ ಅಂದುಕೊಂಡಿದ್ದೆ.

ಬಿಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿದೆ. ಹಳೆಯ ಗಿರಾಕಿಗಳ ಬಿಲ್‌ಗಳಲ್ಲಿ ಅದೇ ಬ್ಯಾಗಿಗೆ ಎರಡು ಬೇರೆ ಬೇರೆ ಬೆಲೆ ಇತ್ತು. ಒಂದು ಕೌಂಟರಿನಲ್ಲಿ 604.80, ಇನ್ನೊಂದರಲ್ಲಿ 588. 588 ಹಾಕಿದ್ದ ಕೌಂಟರಿನ ಹುಡುಗನನ್ನು ಕೇಳಿದೆ. "ಅಕ್ಕಾ, ಇಪ್ಪತ್ತು ಹತ್ತು ಸೇರಿದ್ರೆ ಮೂವತ್ತು ಅಲ್ವಾ? ಒಂದೇ ಸಲ ಮೂವತ್ತು ತೆಗೆದೆ," ಅಂದ. ಅವನನ್ನು ಬೈಯಲು ಬಾಯಿ ಬರಲಿಲ್ಲ. ನಾನೂ ಹಾಗೇ ಕೂಡಿಸಿದ್ದೆ.

604.80 ಹಾಕಿದ ಕೌಂಟರಿನ ಲೆಕ್ಕವೇ ಸರಿ. 840ರಲ್ಲಿ ಶೇ. 20 ಅಂದರೆ 168. ಅದನ್ನು ಕಳೆದರೆ 672. ಬೋರ್ಡಿನಲ್ಲಿ ಬರೆದದ್ದು "ಅದರ ಮೇಲೆ ಇನ್ನೂ ಶೇ. 10" ಅಂತ. ಹಾಗಾಗಿ ಎರಡನೆಯ ಹತ್ತು ಬೀಳಬೇಕಾದದ್ದು 672ರ ಮೇಲೆ, ಅಂದರೆ 67.20. ಉಳಿದದ್ದು 604.80. ಹುಡುಗ ಮಾತ್ರ ಎರಡನೆಯ ಹತ್ತನ್ನೂ ಪೂರ್ತಿ 840ರ ಮೇಲೆ ಲೆಕ್ಕ ಹಾಕಿ 84 ಬಿಟ್ಟಿದ್ದ. ಮೊದಲೇ ಕಳೆದುಹೋದ 168ಕ್ಕೂ ಮತ್ತೆ ಡಿಸ್ಕೌಂಟ್ ಕೊಟ್ಟ ಹಾಗಾಯಿತು. 168ರ ಶೇ. 10 ಅಂದರೆ 16.80. ಎರಡು ಬಿಲ್‌ಗಳ ನಡುವಿನ ವ್ಯತ್ಯಾಸ ಸರಿಯಾಗಿ ಅಷ್ಟೇ ಇತ್ತು.

ಹಾಗಾಗಿ ಈಗ ನಾನು ಡಿಸ್ಕೌಂಟನ್ನು ಕೂಡಿಸುವುದೇ ಇಲ್ಲ. ಎಷ್ಟು ಬಿಟ್ಟೆವು ಅಂತ ನೋಡದೆ ಎಷ್ಟು ಉಳಿಯಿತು ಅಂತ ನೋಡುತ್ತೇನೆ. ಇಪ್ಪತ್ತು ಬಿಟ್ಟರೆ ನೂರಕ್ಕೆ ಎಂಬತ್ತು ಉಳಿಯುತ್ತೆ. ಆ ಎಂಬತ್ತರಲ್ಲಿ ಹತ್ತನೇ ಒಂದು ಪಾಲು ಬಿಟ್ಟರೆ ಎಪ್ಪತ್ತೆರಡು. ಅಂದರೆ ಒಟ್ಟು ಡಿಸ್ಕೌಂಟ್ ಶೇ. 28, ಮೂವತ್ತಲ್ಲ. ಹತ್ತನ್ನು ಮೊದಲು ಬಿಟ್ಟು ಇಪ್ಪತ್ತನ್ನು ಆಮೇಲೆ ಬಿಟ್ಟರೂ ಅದೇ ಎಪ್ಪತ್ತೆರಡು ಬರುತ್ತೆ. ಡಿಸ್ಕೌಂಟ್ ದೊಡ್ಡದಾದಷ್ಟೂ ಕೂಡಿಸುವ ತಪ್ಪು ಬೆಳೆಯುತ್ತೆ. ಐದು ಐದು ಆದರೆ ವ್ಯತ್ಯಾಸ ನೂರಕ್ಕೆ ಕಾಲು ಮಾತ್ರ, ಕಣ್ಣಿಗೇ ಬೀಳಲ್ಲ. ನಲವತ್ತು ಮೂವತ್ತು ಆದರೆ ನೂರಕ್ಕೆ ಹನ್ನೆರಡು.

ಸರಿ, ಒಂದು ತಪ್ಪು ಸಿಕ್ಕಿತು. ಆದರೆ ಸರಿಯಾದ ಬಿಲ್‌ನಲ್ಲೂ ನಮಗೆ ಉಳಿದದ್ದು ಬರೀ 4.80. ನಾನು ನೆಚ್ಚಿದ್ದ 60 ಎಲ್ಲಿ ಹೋಯಿತು? ಇದಕ್ಕೆ ಕಾರಣ ಹುಡುಕಲು ನನಗೆ ಜಾಸ್ತಿ ಹೊತ್ತು ಬೇಕಾಯಿತು.

ನಾನು ಹಾಕಿದ ಶೇ. 40 ಅಸಲಿನ ಮೇಲೆ, 600ರ ಮೇಲೆ. ಅದು ಮಾರ್ಕಪ್. ಬಿಟ್ಟ ಡಿಸ್ಕೌಂಟ್ ಮಾರಾಟದ ಬೆಲೆಯ ಮೇಲೆ, 840ರ ಮೇಲೆ. ಎರಡಕ್ಕೂ ಶೇಕಡಾ ಅಂತಲೇ ಹೆಸರು, ಆದರೆ ಬುಡ ಬೇರೆ. ಒಂದನ್ನು ಇನ್ನೊಂದರಿಂದ ಕಳೆಯೋಕೇ ಆಗಲ್ಲ. ಡಿಸ್ಕೌಂಟಿನ ಜೊತೆ ಹೋಲಿಸಿ ನೋಡಬೇಕಾದದ್ದು ಮಾರ್ಜಿನ್. ಅಂದರೆ ಲಾಭ ಮಾರಾಟದ ಬೆಲೆಯಲ್ಲಿ ಎಷ್ಟು ಪಾಲು ಅನ್ನುವುದು. ಆ ಬ್ಯಾಗಿನಲ್ಲಿ 840ಕ್ಕೆ ಲಾಭ 240, ಅಂದರೆ ಸುಮಾರು ಶೇ. 28.6. ನಲವತ್ತು ಇದೆ ಅಂತ ನಾನು ನಂಬಿದ ಕಡೆ ಇದ್ದದ್ದು ಇಪ್ಪತ್ತೆಂಟೂವರೆ ಚಿಲ್ಲರೆ. ಅದರಲ್ಲಿ ಇಪ್ಪತ್ತೆಂಟು ಬಿಟ್ಟುಕೊಟ್ಟೆವು. ಕೂಡಿಸಿದ ಕೌಂಟರಿನಲ್ಲಿ ಮೂವತ್ತೇ ಹೋಯಿತು, ಅಲ್ಲಿ ಪ್ರತಿ ಬ್ಯಾಗಿಗೂ 12 ಕೈಯಿಂದ ಕಟ್ಟಿದೆವು.

ಮಾರ್ಜಿನ್ ಲೆಕ್ಕದ ದೊಡ್ಡ ಉಪಯೋಗ ಇದೇ. ಅಸಲಿಗೆ ಇಳಿಯದೆ ಎಷ್ಟರವರೆಗೆ ಡಿಸ್ಕೌಂಟ್ ಕೊಡಬಹುದು ಅನ್ನುವುದನ್ನು ಅದು ನೇರವಾಗಿ ಹೇಳುತ್ತೆ. ಮಾರ್ಜಿನ್ ಶೇ. 40 ಇದ್ದರೆ ಶೇ. 40 ಡಿಸ್ಕೌಂಟಿಗೆ ಸರಿಯಾಗಿ ಅಸಲಿಗೆ ಬಂದು ನಿಲ್ಲುತ್ತೀರಿ. ಮಾರ್ಕಪ್ ಆ ಮಾತು ಹೇಳಲ್ಲ. ನೂರಕ್ಕೆ ನೂರು ಮಾರ್ಕಪ್ ಹಾಕಿದರೂ ಅರ್ಧ ಬೆಲೆಗೆ ಕೊಟ್ಟರೆ ಲಾಭ ಸೊನ್ನೆ.

ಹಾಗಾದರೆ ನಿಜವಾಗಿ ಶೇ. 40 ಮಾರ್ಜಿನ್ ಬೇಕಿದ್ದರೆ? ಬೆಲೆಯಲ್ಲಿ ನಲವತ್ತು ಪಾಲು ಲಾಭ ಅಂದರೆ ಉಳಿದ ಅರವತ್ತು ಪಾಲು ಅಸಲು. 600 ಅನ್ನುವುದು ಅರವತ್ತು ಪಾಲು ಆದರೆ ನೂರು ಪಾಲು 1000. ಇಲ್ಲಿ ಗುಣಿಸುವುದಲ್ಲ, ಭಾಗಿಸುವುದು. ನನ್ನ ಶೀಟಿನಲ್ಲಿ A2 ಅಸಲು, B2 ಬೇಕಾದ ಮಾರ್ಜಿನ್, C2 ಮತ್ತು D2 ಎರಡು ಡಿಸ್ಕೌಂಟ್‌ಗಳು. ಮೊದಲ ಸಾಲು ಚೀಟಿಯ ಬೆಲೆ ಕೊಡುತ್ತೆ, ಎರಡನೆಯದು ಒಟ್ಟು ಡಿಸ್ಕೌಂಟ್:

```
=A2/(1-B2)
=1-(1-C2)*(1-D2)
```

1000ಕ್ಕೆ ಇಪ್ಪತ್ತು, ಹತ್ತು ಬಿಟ್ಟರೆ 720. ಉಳಿಯುವುದು 120. ಇಲ್ಲೂ ಒಂದು ಎಡವಟ್ಟು ಆಗುವ ಜಾಗ ಇದೆ. ನಲವತ್ತರಲ್ಲಿ ಇಪ್ಪತ್ತೆಂಟು ಹೋದರೆ ಹನ್ನೆರಡು, ಹಾಗಾಗಿ ಮಾರ್ಜಿನ್ ಶೇ. 12 ಅಂತ ಬರೆದುಬಿಡುತ್ತಾರೆ. ಆ ಹನ್ನೆರಡು 1000ದ ಲೆಕ್ಕ. ಈಗ ಮಾರಿದ್ದು 720ಕ್ಕೆ, ಅದರಲ್ಲಿ 120 ಅಂದರೆ ಸುಮಾರು ಶೇ. 16.7. ಲಾಭ ಇದೆಯೋ ಇಲ್ಲವೋ ಅಂತ ತಿಳಿಯಲು ಕಳೆದು ನೋಡಿದರೆ ಸಾಕು. ಆದರೆ ಹೊಸ ಮಾರ್ಜಿನ್ ಬೇಕಿದ್ದರೆ ಹೊಸ ಬೆಲೆಯಿಂದಲೇ ಭಾಗಿಸಬೇಕು.

ಆ ಬ್ಯಾಗಿಗೆ 1000 ಹಾಕಲು ನನಗೆ ಧೈರ್ಯ ಬರಲಿಲ್ಲ. ಗಿರಾಕಿ ಅಷ್ಟು ಕೊಡಲ್ಲ ಅನ್ನಿಸಿತು. 900 ಹಾಕಿದೆ. ಮಾರ್ಜಿನ್ ಮೂರನೇ ಒಂದು ಪಾಲು. ಅದೇ ಆಫರ್ ಮತ್ತೆ ಬಂದರೆ 648ಕ್ಕೆ ಮಾರಿ 48 ಉಳಿಸಿಕೊಳ್ಳಬಹುದು. ಬಾಡಿಗೆ, ಸಂಬಳ ಈ 48ರಲ್ಲೇ ಬರಬೇಕು. ಹಾಗಾಗಿ ಹಳೆಯ ಗಿರಾಕಿಯ ಡಿಸ್ಕೌಂಟನ್ನು ಶೇ. 5ಕ್ಕೆ ಇಳಿಸಿದೆ. ಈಗ 684 ಬರುತ್ತೆ.

ಬಿಲ್ ಮಾಡುವ ಸಾಫ್ಟ್‌ವೇರ್ ಎರಡು ಡಿಸ್ಕೌಂಟ್‌ಗಳನ್ನು ಕೂಡಿಸುತ್ತೋ ಒಂದರ ಮೇಲೊಂದು ಹಾಕುತ್ತೋ ಅಂತ ತಿಳಿಯಲು ನಾನು ಮಾಡುವ ಪರೀಕ್ಷೆ ಸುಲಭ. 100ರ ಸಾಮಾನು ಹಾಕಿ ಎರಡು ಸಲ ಶೇ. 50 ಕೊಡುತ್ತೇನೆ. 25 ತೋರಿಸಿದರೆ ಸರಿ. ಸೊನ್ನೆ ತೋರಿಸಿದರೆ ಅದು ಕೂಡಿಸುತ್ತಿದೆ. ಪ್ರತಿ ಆಫರ್ ಶುರುವಾಗುವ ಮುಂಚೆ ಎಲ್ಲ ಕೌಂಟರಿನಲ್ಲೂ ಇದನ್ನು ಮಾಡಿ ನೋಡುತ್ತೇನೆ.

ಇನ್ನೊಂದು ವಿಷಯ ಕೂಪನ್. ಶೇಕಡಾಗಳು ಯಾವ ಕ್ರಮದಲ್ಲಿ ಬಂದರೂ ಬೆಲೆ ಒಂದೇ ಅಂದೆನಲ್ಲ, ಇಂತಿಷ್ಟು ಅಂತ ಗೊತ್ತುಮಾಡಿದ ಮೊತ್ತ ಕಳೆಯುವ ಕೂಪನ್ ಬಂದರೆ ಹಾಗಲ್ಲ. 900ರಲ್ಲಿ 50ರ ಕೂಪನ್ ಮೊದಲು ಕಳೆದು ಆಮೇಲೆ ಶೇ. 20 ಬಿಟ್ಟರೆ 680. ಶೇ. 20 ಮೊದಲು ಬಿಟ್ಟು ಕೂಪನ್ ಕಳೆದರೆ 670. ಗಿರಾಕಿಗೆ ಎರಡನೆಯದು ಲಾಭ, ನಮ್ಮ ಬೋರ್ಡಿನಲ್ಲಿ ಅದನ್ನೇ ಬರೆದಿದ್ದೇವೆ: ಮೊದಲು ಶೇಕಡಾ, ಕೊನೆಗೆ ಕೂಪನ್.